ದಿಣ್ಣೆ ದಾಟುವ ಪೈಪ್‌ಲೈನಿನಲ್ಲಿ ಗಾಳಿಯ ತಡೆ: ಚನ್ನರಾಯಪಟ್ಟಣ ಸೀಮೆಯ ಇಳಿಜಾರು ಕೊಳವೆಗಳನ್ನು ಕುರಿತ ಒಂದು ವಿಶ್ಲೇಷಣೆ

ಸಾರಾಂಶ

ಎತ್ತರದ ತೊಟ್ಟಿಯಿಂದ ತಗ್ಗಿನ ತೋಟಕ್ಕೆ ಹಾಕಿದ ಪೈಪಿನಲ್ಲಿ ಮಟ್ಟದ ವ್ಯತ್ಯಾಸ ಸಾಕಷ್ಟಿದ್ದರೂ ನೀರು ಬಾರದಿರುವುದುಂಟು. ದಿಣ್ಣೆಗಳ ಆಚೆಯ ಇಳಿಜಾರಿನಲ್ಲಿ ಸಿಕ್ಕಿಕೊಂಡ ಗಾಳಿ ಇದಕ್ಕೆ ಮುಖ್ಯ ಕಾರಣ. ಒಂದು ಮಾದರಿ ಪೈಪ್‌ಲೈನಿನ ಲೆಕ್ಕದ ಮೂಲಕ ಈ ಲೇಖನವು ಗಾಳಿಯಿಂದಾಗುವ ನಷ್ಟವನ್ನು ಅಳೆಯುವ ಬಗೆಯನ್ನೂ ಏರ್ ವಾಲ್ವ್ ಕೂರಿಸಬೇಕಾದ ಜಾಗವನ್ನೂ ಅದರ ಮಿತಿಯನ್ನೂ ವಿವರಿಸುತ್ತದೆ.

1. ಹಿನ್ನೆಲೆ

ಚನ್ನರಾಯಪಟ್ಟಣ ತಾಲ್ಲೂಕಿನ ನೆಲ ಸಮತಟ್ಟಲ್ಲ. ದಿಣ್ಣೆ, ತಗ್ಗು, ಮತ್ತೆ ದಿಣ್ಣೆ. ಗೊರೂರಿನ ಹೇಮಾವತಿ ಜಲಾಶಯದಿಂದ ಬರುವ ಕಾಲುವೆ ಏರನ್ನು ಹತ್ತಲಾರದು. ಅದಕ್ಕಾಗಿಯೇ ಬಾಗೂರು–ನವಿಲೆ ನಡುವೆ ಸುರಂಗ ಕೊರೆಯಬೇಕಾಯಿತು. ಪೈಪು ಹಾಗಲ್ಲ, ಏರು ಹತ್ತಿ ಇಳಿಯಬಲ್ಲದು. ಆದರೆ ಹಾಗೆ ಹತ್ತಿ ಇಳಿದಲ್ಲೆಲ್ಲ ಗಾಳಿಗೆ ಜಾಗ ಸಿಗುತ್ತದೆ. ಕೊಳವೆಬಾವಿಯ ನೀರನ್ನು ದಿಣ್ಣೆಯ ಮೇಲಿನ ತೊಟ್ಟಿಗೆ ತುಂಬಿಸಿ, ಅಲ್ಲಿಂದ ತೆಂಗಿನ ತೋಟಕ್ಕೆ ಇಳಿಸುವ ಪದ್ಧತಿಯಲ್ಲಿ ಈ ತೊಂದರೆ ಸಾಮಾನ್ಯ. ಕರೆಂಟ್ ಸರದಿಯ ಮೇಲೆ ಬರುವುದರಿಂದ ತೊಟ್ಟಿ ಆಗಾಗ ಬರಿದಾಗುತ್ತದೆ, ಪೈಪು ಖಾಲಿಯಾಗುತ್ತದೆ, ಪ್ರತಿ ಸಲ ತುಂಬುವಾಗಲೂ ಗಾಳಿ ಹೊಸದಾಗಿ ಸೇರುತ್ತದೆ. ‘ಲೈನ್ ಗಾಳಿ ಹಿಡಿದಿದೆ’ ಎಂದು ರೈತರು ಹೇಳುವುದು ಇದನ್ನೇ.

2. ಗಾಳಿ ನೀರನ್ನು ತಡೆಯುವ ಬಗೆ

ಲೆಕ್ಕಕ್ಕಾಗಿ 1,000 ಮೀಟರ್ ಉದ್ದದ, 63 ಮಿ.ಮೀ. ಎಚ್‌ಡಿಪಿಇ ಪೈಪನ್ನು ತೆಗೆದುಕೊಳ್ಳೋಣ. ತೊಟ್ಟಿಯ ನೀರಿನ ಮಟ್ಟ 100 ಮೀಟರ್, ತೋಟದ ಬಾಯಿ 92 ಮೀಟರ್ ಎಂದಿರಲಿ. ನಡುವೆ ಎರಡು ದಿಣ್ಣೆಗಳಿವೆ: 250ನೇ ಮೀಟರಿನಲ್ಲಿ 97 ಮೀಟರ್ ಎತ್ತರದ್ದು, 600ನೇ ಮೀಟರಿನಲ್ಲಿ 94 ಮೀಟರ್ ಎತ್ತರದ್ದು. ಪೈಪು ಪೂರ್ತಿ ನೀರಿನಿಂದ ತುಂಬಿದ್ದರೆ 8 ಮೀಟರ್ ಮಟ್ಟದ ವ್ಯತ್ಯಾಸಕ್ಕೆ ನಿಮಿಷಕ್ಕೆ ಸುಮಾರು 90 ಲೀಟರ್ ನೀರು ಬರಬೇಕು.

ಖಾಲಿ ಪೈಪಿಗೆ ನೀರು ಬಿಟ್ಟಾಗ ಅದು ಮೊದಲ ದಿಣ್ಣೆ ಹತ್ತಿ, ಆಚೆ ಬದಿಯಲ್ಲಿ ಪೈಪಿನ ತಳ ಹಿಡಿದು ತೆಳುವಾಗಿ ಹರಿದು ತಗ್ಗನ್ನು ತುಂಬುತ್ತದೆ. ತಗ್ಗು ತುಂಬಿದೊಡನೆ ದಿಣ್ಣೆಯ ನೆತ್ತಿಗೂ ತಗ್ಗಿನ ನೀರಿಗೂ ನಡುವಿನ ಗಾಳಿಗೆ ಹೊರದಾರಿ ಇಲ್ಲವಾಗುತ್ತದೆ. ಎರಡನೆಯ ದಿಣ್ಣೆಯಲ್ಲೂ ಇದೇ ನಡೆಯುತ್ತದೆ. ಇಳಿಜಾರಿನಲ್ಲಿ ಗಾಳಿ ತುಂಬಿಕೊಂಡಷ್ಟು ಎತ್ತರದ ನೀರಿನ ಕಂಬವೇ ಅಲ್ಲಿಲ್ಲ. ನೀರು ಇಳಿಯುವಾಗ ಸಿಗಬೇಕಾಗಿದ್ದ ಒತ್ತಡ ಸಿಗುವುದಿಲ್ಲ, ಮುಂದಿನ ಏರನ್ನು ಹತ್ತುವ ಶ್ರಮ ಮಾತ್ರ ಹಾಗೆಯೇ ಉಳಿಯುತ್ತದೆ. ಹೀಗಾಗಿ ಒಂದೊಂದು ಗಾಳಿತುಂಡೂ ತನ್ನ ಲಂಬ ಎತ್ತರದಷ್ಟು ಒತ್ತಡವನ್ನು ನುಂಗುತ್ತದೆ. ಈ ನಷ್ಟಗಳು ಒಂದಕ್ಕೊಂದು ಕೂಡುತ್ತವೆ.

ನಮ್ಮ ಮಾದರಿಯಲ್ಲಿ ಮೊದಲ ಗಾಳಿತುಂಡಿನ ಎತ್ತರ 4.5 ಮೀಟರ್, ಎರಡನೆಯದರದು 3.5 ಮೀಟರ್ ಎನ್ನೋಣ. ಒಟ್ಟು 8 ಮೀಟರ್. ಇದ್ದ ವ್ಯತ್ಯಾಸವೂ ಅಷ್ಟೇ ಆದ್ದರಿಂದ ತೋಟದ ಬಾಯಿಯಲ್ಲಿ ಒಂದು ಹನಿಯೂ ಬೀಳದು. ಮೊದಲ ದಿಣ್ಣೆಯ ಗಾಳಿಯನ್ನಷ್ಟೇ ಹೊರಹಾಕಿದರೆ 4.5 ಮೀಟರ್ ಮರಳಿ ದಕ್ಕುತ್ತದೆ, ಪೂರ್ಣ ಹರಿವಿನ ಮುಕ್ಕಾಲು ಪಾಲಿನಷ್ಟು ನೀರು ಬರುತ್ತದೆ. ಒಂದು ವಾಲ್ವ್ ಹಾಕಿದ ಮೇಲೆ ನೀರು ಬಂತೆಂದು ಕೆಲಸ ನಿಲ್ಲಿಸುವವರು ಉಳಿದ ಕಾಲು ಭಾಗವನ್ನು ಕಳೆದುಕೊಳ್ಳುವುದು ಹೀಗೆ.

3. ಗಾಳಿಯೋ, ಕಸವೋ?

ನೀರು ಕಡಿಮೆಯಾದಾಗ ಪೈಪಿನಲ್ಲಿ ಕಸ ಕಟ್ಟಿದೆಯೆಂದು ಅಗೆಯಲು ಹೊರಡುವುದೇ ಹೆಚ್ಚು. ಅಗೆಯುವ ಮೊದಲು ತೋಟದ ಬಾಯಿಯಲ್ಲಿ ಒಂದು ಪ್ರೆಶರ್ ಗೇಜ್ ಕೂರಿಸಿ, ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಮುಳ್ಳು ನಿಲ್ಲುವವರೆಗೆ ಕಾಯಬೇಕು. ನಮ್ಮ ಮಾದರಿಯಲ್ಲಿ ಅದು ಚದರ ಸೆಂ.ಮೀ.ಗೆ 0.8 ಕೆ.ಜಿ. ತೋರಿಸಬೇಕು. ಅಷ್ಟು ತೋರಿಸಿಯೂ ಬಿಟ್ಟಾಗ ಹರಿವು ಸಣ್ಣದಾಗಿದ್ದರೆ ದೋಷ ಕಸದ್ದು, ಅರ್ಧ ಮುಚ್ಚಿದ ವಾಲ್ವಿನದು ಅಥವಾ ಪೈಪಿನ ಅಳತೆಯದು. ಏಕೆಂದರೆ ಭಾಗಶಃ ಅಡ್ಡಿಯಿದ್ದರೂ ನಿಂತ ನೀರಿನ ಒತ್ತಡ ನಿಧಾನವಾಗಿಯಾದರೂ ಪೂರ್ಣ ಮಟ್ಟ ಮುಟ್ಟುತ್ತದೆ. ಮುಳ್ಳು 0.45ರ ಆಸುಪಾಸಿನಲ್ಲೇ ನಿಂತು, ದಾರಿಯಲ್ಲಿ ಸೋರಿಕೆಯೂ ಇಲ್ಲವಾದರೆ, ಎಲ್ಲೋ ಸುಮಾರು 3.5 ಮೀಟರ್ ಎತ್ತರದ ಗಾಳಿ ಕುಳಿತಿದೆ. ಬಾಯಿಯಲ್ಲಿ ನೀರು ಉಗುಳಿ ಉಗುಳಿ ಬರುವುದು, ಲೋಟದಲ್ಲಿ ಹಿಡಿದ ಬೆಳ್ಳನೆಯ ನೀರು ತಳದಿಂದ ಮೇಲಕ್ಕೆ ತಿಳಿಯಾಗುವುದು ಗಾಳಿಯ ಇತರ ಗುರುತುಗಳು. ಮಣ್ಣಿನ ನೀರಾದರೆ ಮೇಲಿನಿಂದ ತಿಳಿಯಾಗುತ್ತದೆ.

4. ವಾಲ್ವಿನ ಆಯ್ಕೆ ಮತ್ತು ಜಾಗ

ದಿಣ್ಣೆಯ ನೆತ್ತಿಯಲ್ಲಿ ಮೊಳೆಯಿಂದ ತೂತು ಮಾಡಿ, ಗಾಳಿ ಹೋದ ಮೇಲೆ ಕಡ್ಡಿ ಹೊಡೆಯುವುದು ಒಂದು ದಿನದ ಪರಿಹಾರ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ನೀರು ತನ್ನ ಗಾತ್ರದ ಸುಮಾರು ಶೇ. 2ರಷ್ಟು ಗಾಳಿಯನ್ನು ಕರಗಿಸಿಕೊಂಡಿರುತ್ತದೆ. ಒತ್ತಡ ಇಳಿದಲ್ಲಿ ಆ ಗಾಳಿ ಬಿಡುಗಡೆಯಾಗಿ ನೆತ್ತಿಯಲ್ಲಿ ಸೇರುತ್ತಲೇ ಇರುತ್ತದೆ. ಆದ್ದರಿಂದ ತಾನೇ ತೆರೆದು ತಾನೇ ಮುಚ್ಚುವ ವಾಲ್ವ್ ಬೇಕು.

ಏರ್ ವಾಲ್ವಿನೊಳಗೆ ಒಂದು ತೇಲುಗುಂಡು ಇರುತ್ತದೆ. ನೀರು ಬಂದಾಗ ಅದು ತೇಲಿ ತೂತನ್ನು ಮುಚ್ಚುತ್ತದೆ, ಗಾಳಿ ಸೇರಿದಾಗ ಇಳಿದು ತೆರೆಯುತ್ತದೆ. ಇಲ್ಲಿ ತೂತಿನ ಅಳತೆ ನಿರ್ಣಾಯಕ. 50 ಮಿ.ಮೀ. ತೂತಿನ ಮೇಲೆ ಚದರ ಸೆಂ.ಮೀ.ಗೆ 3 ಕೆ.ಜಿ. ಒತ್ತಡವಿದ್ದರೆ ಗುಂಡನ್ನು ಮೇಲಕ್ಕೊತ್ತುವ ಬಲ ಸುಮಾರು 59 ಕೆ.ಜಿ. ಗಾಳಿ ಎಷ್ಟು ಸೇರಿದರೂ ಆ ಗುಂಡು ಕೆಳಗಿಳಿಯದು. ಅದೇ 2.5 ಮಿ.ಮೀ. ತೂತಿಗೆ ಬಲ ಸುಮಾರು 150 ಗ್ರಾಂ ಮಾತ್ರ. ಗುಂಡು ತನ್ನ ತೂಕಕ್ಕೇ ಇಳಿಯಬಲ್ಲದು. ಹೀಗಾಗಿ ದೊಡ್ಡ ತೂತು ಪೈಪು ತುಂಬುವಾಗಿನ ಗಾಳಿಗೆ, ಸಣ್ಣದು ಹರಿಯುವಾಗ ಸೇರುವ ಗಾಳಿಗೆ. ಆಗಾಗ ಖಾಲಿಯಾಗುವ ಲೈನಿಗೆ ಎರಡೂ ಇರುವ ಡಬಲ್ ಏರ್ ವಾಲ್ವ್ ಸೂಕ್ತ.

ಗಾಳಿ ನಿಲ್ಲುವುದು ನೆತ್ತಿಯಲ್ಲಿ ಮತ್ತು ಅದರ ಆಚೆಯ ಇಳಿಜಾರಿನಲ್ಲಿ. ಆದ್ದರಿಂದ ವಾಲ್ವ್ ನೆತ್ತಿಯಲ್ಲಿ ಅಥವಾ ತುಸು ಆಚೆಗಿರಬೇಕು, ಏರುವ ಬದಿಯಲ್ಲಲ್ಲ. ಪೈಪಿಗೆ ಸಣ್ಣ ತೂತು ಕೊರೆದು ಕೂರಿಸಿದರೆ ಗುಳ್ಳೆಗಳು ಅದರ ಬಾಯಿಗೆ ಸಿಗದೆ ಹರಿವಿನೊಡನೆ ಮುಂದೆ ಹೋಗುತ್ತವೆ. ಅಗಲ ಬಾಯಿಯ ಟೀ ಹಾಕಿಯೇ ಕೂರಿಸಬೇಕು.

5. ವಾಲ್ವಿಗೂ ಮೀರಿದ್ದು

ಮೊದಲ ದಿಣ್ಣೆ 250ನೇ ಮೀಟರಿನ ಬದಲು 500ನೇ ಮೀಟರಿನಲ್ಲಿ ಇತ್ತೆನ್ನೋಣ. ನೀರು ನಿಂತಿರುವಾಗ ನೆತ್ತಿಯಲ್ಲಿ ಆಗಲೂ 3 ಮೀಟರ್ ಒತ್ತಡವಿರುತ್ತದೆ. ಆದರೆ ಪೂರ್ಣ ಹರಿವಿನಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ 4 ಮೀಟರ್ ಘರ್ಷಣೆಗೇ ಹೋಗಿರುತ್ತದೆ. ಒತ್ತಡದ ರೇಖೆ 96 ಮೀಟರಿಗೆ ಇಳಿದಿರುತ್ತದೆ, ಪೈಪು 97ರಲ್ಲಿರುತ್ತದೆ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ. ಆ ಜಾಗದ ಏರ್ ವಾಲ್ವ್ ಗಾಳಿಯನ್ನು ಬಿಡುವುದಿಲ್ಲ, ಒಳಗೆಳೆದುಕೊಳ್ಳುತ್ತದೆ. ಬೆಳಿಗ್ಗೆ ಸರಿಯಿದ್ದ ಲೈನ್ ಹರಿವು ಏರಿದಂತೆ ಸೊರಗಿದರೆ ಇದನ್ನು ಶಂಕಿಸಬೇಕು. ಇದಕ್ಕೆ ಪರಿಹಾರ ದಿಣ್ಣೆಯವರೆಗಿನ ಪೈಪನ್ನು ದೊಡ್ಡದು ಮಾಡುವುದು ಅಥವಾ ದಾರಿಯನ್ನು ತಗ್ಗಿನ ಕಡೆಗೆ ಬದಲಿಸುವುದು. ತತ್ಕಾಲಕ್ಕೆ ತುದಿಯ ಗೇಟ್ ವಾಲ್ವನ್ನು ತುಸು ಮುಚ್ಚಿದರೆ ಹರಿವು ತಗ್ಗಿ ನೆತ್ತಿಯ ಒತ್ತಡ ಏರುತ್ತದೆ.

ತೊಟ್ಟಿಯಲ್ಲಿ ನೀರು ಕೆಳಗಿಳಿದು ಹೊರಗಂಡಿಯ ಮೇಲೆ ಸುಳಿ ಎದ್ದರೂ ಗಾಳಿ ಒಳಹೋಗುತ್ತದೆ. ಅದನ್ನು ಯಾವ ವಾಲ್ವೂ ಪೂರ್ತಿ ಹಿಡಿಯಲಾರದು. ಸುಳಿ ಏಳುವ ಮೊದಲೇ ನೀರು ಬಿಡುವುದನ್ನು ನಿಲ್ಲಿಸಬೇಕು.

6. ಸಮಾಪ್ತಿ

ಗಾಳಿ ನುಂಗುವ ಒತ್ತಡ ಅಳೆಯಬಹುದಾದದ್ದು: ಎಲ್ಲ ಗಾಳಿತುಂಡುಗಳ ಲಂಬ ಎತ್ತರಗಳ ಮೊತ್ತ. ಆದ್ದರಿಂದ ಚರಂಡಿ ಮುಚ್ಚುವ ಮೊದಲೇ ಪೈಪಿನ ಮಟ್ಟಗಳನ್ನು ಅಳೆದು, ತೊಟ್ಟಿಯಿಂದ ಪ್ರತಿ ನೆತ್ತಿಗಿರುವ ದೂರವನ್ನು ಬರೆದಿಡುವುದು ಅಗತ್ಯ. ಹೊಳೆನರಸೀಪುರ, ಅರಕಲಗೂಡು ಕಡೆಯ ಏರುತಗ್ಗಿನ ಊರುಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ವಾಲ್ವ್ ಸೋರುತ್ತಿದೆಯೆಂದು ಅದರ ಕೆಳಗಿನ ಕಾಕನ್ನು ಮುಚ್ಚಿಬಿಟ್ಟರೆ ವಾಲ್ವ್ ಇಲ್ಲದಂತೆಯೇ ಸರಿ. ತೇಲುಗುಂಡಿಗೆ ಅಂಟಿದ ಮಣ್ಣು ತೊಳೆದು ಕಾಕನ್ನು ಮತ್ತೆ ತೆರೆದಿಡಬೇಕು.