ಎರಡು ಊರುಗಳ ನೆರಳು, ಒಂದು ಭೂಮಿಯ ಅಳತೆ

ಭೂಮಿಯ ಸುತ್ತಳತೆಯನ್ನು ಮೊದಲು ಲೆಕ್ಕ ಹಾಕಿದವರಲ್ಲಿ ಎರಟೋಸ್ತನೀಸನ ಹೆಸರು ಶಾಲಾ ಪಾಠಗಳಲ್ಲಿ ತಪ್ಪದೆ ಬರುತ್ತದೆ. ಬಾವಿಯ ತಳ ಮುಟ್ಟಿದ ಬಿಸಿಲು, ಮತ್ತೊಂದು ಊರಿನಲ್ಲಿ ಬಿದ್ದ ನೆರಳು, ಒಂದು ಗುಣಾಕಾರ: ಕಥೆ ಇಷ್ಟರಲ್ಲೇ ಮುಗಿದುಬಿಡುತ್ತದೆ. ಈ ಕಥೆಯಲ್ಲಿ ನೆರಳಿಗೆ ಸಿಕ್ಕ ಗೌರವ ನೆಲಕ್ಕೆ ಸಿಕ್ಕಿಲ್ಲ. ನೆರಳನ್ನು ಅಳೆಯುವುದು ಈ ಕೆಲಸದ ಸುಲಭವಾದ ಅರ್ಧ. ತಕ್ಕ ಎರಡು ಊರುಗಳನ್ನು ಆರಿಸಿ ಅವುಗಳ ನಡುವಣ ದೂರವನ್ನು ಅರಿಯುವುದು ಕಠಿಣವಾದ ಅರ್ಧ. ಈ ಮಾತನ್ನು ನಮ್ಮ ತೇನಿ, ಕಂಬಂ, ದಿಂಡಿಗಲ್ ಸೀಮೆಯ ಊರುಗಳನ್ನೇ ಇಟ್ಟುಕೊಂಡು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಎರಟೋಸ್ತನೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದವನು; ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಪ್ರಸಿದ್ಧ ಗ್ರಂಥಾಲಯದ ಮುಖ್ಯಸ್ಥನಾಗಿದ್ದವನು. ಭೂಮಿಯ ಅಳತೆಯನ್ನು ಕುರಿತು ಅವನು ಬರೆದ ಗ್ರಂಥ ಉಳಿದಿಲ್ಲ. ಕ್ಲಿಯೋಮಿಡೀಸ್ ಎಂಬ ನಂತರದ ಲೇಖಕನು ಮಾಡಿದ ಸಂಗ್ರಹದಿಂದ ಅವನ ಕ್ರಮ ನಮಗೆ ತಿಳಿದಿದೆ. ಈಜಿಪ್ಟಿನ ದಕ್ಷಿಣದ ತುದಿಯಲ್ಲಿರುವ ಸಯೀನ್, ಎಂದರೆ ಇಂದಿನ ಆಸ್ವಾನ್, ಕರ್ಕಾಟಕ ವೃತ್ತದ ಸಮೀಪದಲ್ಲಿದೆ. ವರ್ಷದ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ ಅಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತದೆ. ಸೂರ್ಯನು ಅಲ್ಲಿ ನೆತ್ತಿಯಿಂದ ವೃತ್ತದ ಐವತ್ತನೆಯ ಒಂದು ಭಾಗದಷ್ಟು, ಅಂದರೆ 7.2 ಡಿಗ್ರಿಗಳಷ್ಟು ವಾಲಿದ್ದನು.

ಸೂರ್ಯನು ಬಹುದೂರದಲ್ಲಿರುವುದರಿಂದ ಅವನ ಕಿರಣಗಳು ಎರಡೂ ಊರುಗಳಿಗೆ ಸಮಾನಾಂತರವಾಗಿ ಬರುತ್ತವೆ ಎಂದು ಎರಟೋಸ್ತನೀಸನು ಗ್ರಹಿಸಿದನು. ಹಾಗಿದ್ದರೆ ನೆರಳಿನ ವ್ಯತ್ಯಾಸಕ್ಕೆ ಕಾರಣ ನೆಲದ ಬಾಗು ಮಾತ್ರ. ಎರಡು ಊರುಗಳ ಕಂಬಗಳನ್ನು ಭೂಮಿಯೊಳಗೆ ನೇರವಾಗಿ ಬೆಳೆಸುತ್ತ ಹೋದರೆ ಅವು ಕೇಂದ್ರದಲ್ಲಿ ಕೂಡುತ್ತವೆ. ಅಲ್ಲಿ ಅವುಗಳ ನಡುವೆ ಏರ್ಪಡುವ ಕೋನವೂ ಆ 7.2 ಡಿಗ್ರಿಯೇ. ಆದ್ದರಿಂದ ಎರಡು ಊರುಗಳ ನಡುವಣ ದಾರಿಯು ಭೂಮಿಯ ಸುತ್ತಳತೆಯ ಐವತ್ತನೆಯ ಒಂದು ಭಾಗ. ಆ ದಾರಿಯನ್ನು 5,000 ಸ್ಟೇಡಿಯಾ ಎಂದು ಇಟ್ಟುಕೊಂಡಾಗ ಸುತ್ತಳತೆ 2,50,000 ಸ್ಟೇಡಿಯಾ ಎಂದು ದೊರೆಯಿತು.

ಇಲ್ಲಿ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಐವತ್ತನೆಯ ಒಂದು ಎಂಬ ಭಾಗವು ಬಹಳ ಚೆನ್ನಾಗಿ ದೊರೆತ ಅಳತೆ. ಇಂದಿನ ಲೆಕ್ಕದಲ್ಲಿ ಆ ಕೋನ ಸುಮಾರು 7.1 ಡಿಗ್ರಿ. ಆದರೆ 5,000 ಎಂಬುದು ದುಂಡು ಸಂಖ್ಯೆ. ನದಿಯ ತೀರದ ದಾರಿಯನ್ನು ಅಂದಾಜಿಸಿ ಬಂದ ಅಂಕಿಯೆಂಬುದನ್ನು ಅದು ತಾನೇ ಹೇಳುತ್ತಿದೆ. ಮೇಲಾಗಿ ಆಸ್ವಾನ್ ಪಟ್ಟಣವು ಅಲೆಕ್ಸಾಂಡ್ರಿಯಾಕ್ಕೆ ನೇರ ದಕ್ಷಿಣದಲ್ಲಿಲ್ಲ. ಮೂರು ಡಿಗ್ರಿ ಪೂರ್ವಕ್ಕಿದೆ. ಇನ್ನು ಸ್ಟೇಡಿಯಾ ಎಂಬ ಮಾನ. ಅದನ್ನು 185 ಮೀಟರ್ ಎಂದು ಹಿಡಿದರೆ ಅವನ ಭೂಮಿ 46,250 ಕಿಲೋಮೀಟರಿನದಾಗುತ್ತದೆ, 157.5 ಮೀಟರ್ ಎಂದು ಹಿಡಿದರೆ 39,375 ಕಿಲೋಮೀಟರಿನದಾಗುತ್ತದೆ. ವಿದ್ವಾಂಸರಲ್ಲಿ ಎರಡಕ್ಕೂ ಸಮರ್ಥಕರಿದ್ದಾರೆ. ಧ್ರುವಗಳ ಮೂಲಕ ಹಾದುಹೋಗುವ ನಿಜವಾದ ಸುತ್ತಳತೆ ಸುಮಾರು 40,008 ಕಿಲೋಮೀಟರ್. ಅವನ ಉತ್ತರದ ಮೇಲಿನ ಎಲ್ಲ ವಾದವೂ ಹೀಗೆ ನೆಲದ ಅಳತೆಯ ಮೇಲಿನ ವಾದವೇ ಆಗಿದೆ, ನೆರಳಿನ ಮೇಲಿನದಲ್ಲ.

ನಮ್ಮ ದೇಶದ ಜ್ಯೋತಿಷಿಗಳಿಗೂ ಈ ಕ್ರಮ ತಿಳಿದಿತ್ತು. 1150ರಲ್ಲಿ ರಚಿತವಾದ 'ಸಿದ್ಧಾಂತ ಶಿರೋಮಣಿ'ಯಲ್ಲಿ ಭಾಸ್ಕರಾಚಾರ್ಯರು ಒಂದೇ ಉತ್ತರ-ದಕ್ಷಿಣ ರೇಖೆಯ ಮೇಲಿನ ಎರಡು ಪುರಗಳ ಅಕ್ಷಾಂಶಗಳ ಅಂತರವನ್ನೂ ಅವುಗಳ ನಡುವಣ ಯೋಜನಗಳನ್ನೂ ತೆಗೆದುಕೊಂಡು ತ್ರೈರಾಶಿಕದಿಂದ ಭೂಪರಿಧಿಯನ್ನು ಸಾಧಿಸುವ ಕ್ರಮವನ್ನು ಹೇಳಿದ್ದಾರೆ. ಅಕ್ಷಾಂಶವನ್ನು ತಿಳಿಯಲು ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು, ಹಗಲಿರುಳು ಸಮವಾಗುವ ದಿನದ ಮಧ್ಯಾಹ್ನದ ನೆರಳನ್ನು ಅಳೆಯುತ್ತಿದ್ದರು. ಅದಕ್ಕೆ ಪಲಭಾ ಎಂದು ಹೆಸರು. ತೇನಿಯಲ್ಲಿ ಈ ನೆರಳು ಸುಮಾರು 2.1 ಅಂಗುಲ, ಬೆಂಗಳೂರಿನಲ್ಲಿ ಸುಮಾರು 2.8 ಅಂಗುಲ. ಭಾಸ್ಕರಾಚಾರ್ಯರು ಹೇಳುವ ಪರಿಧಿ 4,967 ಯೋಜನ, ವ್ಯಾಸ ಸುಮಾರು 1,581 ಯೋಜನ. ಅವರಿಗಿಂತ ಆರು ಶತಮಾನ ಹಿಂದಿನ ಆರ್ಯಭಟರು ವ್ಯಾಸವನ್ನು 1,050 ಯೋಜನ ಎಂದಿದ್ದರು. ಇದನ್ನು ಕಂಡು ಒಬ್ಬರು ಸರಿ, ಒಬ್ಬರು ತಪ್ಪು ಎಂದು ತೀರ್ಮಾನಿಸುವುದು ಆತುರವಾದೀತು. ಇಬ್ಬರ ಯೋಜನಗಳೂ ಒಂದೇ ಉದ್ದದವಲ್ಲ. ಇಲ್ಲಿಯೂ ತೊಡಕು ಇರುವುದು ನೆಲದ ಮಾನದಲ್ಲಿಯೇ.

ಈಗ ನಮ್ಮ ಸೀಮೆಗೆ ಬರೋಣ. ಕಂಬಂ ಮತ್ತು ದಿಂಡಿಗಲ್‌ಗಳಲ್ಲಿ ಒಂದೊಂದು ಮೀಟರಿನ ಕೋಲು ನೆಟ್ಟರೆ ಭೂಮಿಯನ್ನು ಅಳೆಯಬಹುದೇ? ಎರಡು ಕಾರಣಗಳಿಂದ ಈ ಜೋಡಿ ತಕ್ಕುದಲ್ಲ. ಮೊದಲನೆಯದಾಗಿ, ಅವುಗಳ ಅಕ್ಷಾಂಶಗಳ ಅಂತರ ಸುಮಾರು 0.63 ಡಿಗ್ರಿ ಮಾತ್ರ. ನೆರಳುಗಳ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ನೂರಕ್ಕೆ ಒಂಬತ್ತರಷ್ಟು ತಪ್ಪುತ್ತದೆ. ಸೂರ್ಯನು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂಬತ್ತು ಮಿಲಿಮೀಟರ್ ಅಗಲದ ಮಸುಕಾದ ಅಂಚಾಗಿಯೇ ಬೀಳುತ್ತದೆ. ಅಂತಹ ಅಂಚಿನಲ್ಲಿ ಒಂದು ಮಿಲಿಮೀಟರನ್ನು ನಂಬಿಕೆಯಿಂದ ಗುರುತಿಸುವುದು ಸುಲಭವಲ್ಲ.

ಎರಡನೆಯದಾಗಿ, ದಿಂಡಿಗಲ್ ಕಂಬಂಗೆ ಉತ್ತರದಲ್ಲಿರುವಷ್ಟೇ ಪೂರ್ವದಲ್ಲಿಯೂ ಇದೆ. ನೇರ ದೂರ ಸುಮಾರು 103 ಕಿಲೋಮೀಟರ್. ಅದರಲ್ಲಿ ಉತ್ತರ ದಿಕ್ಕಿನ ಪಾಲು ಸುಮಾರು 70 ಕಿಲೋಮೀಟರ್ ಮಾತ್ರ. ಮಧ್ಯಾಹ್ನದ ನೆರಳಿಗೆ ಈ ಉತ್ತರದ ಪಾಲು ಮಾತ್ರ ಕಾಣುತ್ತದೆ. ಅದನ್ನು ಮರೆತು 103 ಕಿಲೋಮೀಟರನ್ನೇ ಗುಣಿಸಿದರೆ ಭೂಮಿಯ ಸುತ್ತಳತೆ ಸುಮಾರು 59,000 ಕಿಲೋಮೀಟರ್ ಆಗಿಬಿಡುತ್ತದೆ. ಭಾಸ್ಕರಾಚಾರ್ಯರು ಒಂದೇ ಉತ್ತರ-ದಕ್ಷಿಣ ರೇಖೆಯ ಊರುಗಳನ್ನು ಕೇಳಿದ್ದು ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಯಾವ ಜೋಡಿ ತಕ್ಕುದು? ಭೂಪಟದ ಮೇಲೆ ತೇನಿಯಿಂದ ನೇರ ಉತ್ತರಕ್ಕೆ ಬೆರಳನ್ನು ಸರಿಸುತ್ತ ಹೋದರೆ ಅದು ಬೆಂಗಳೂರನ್ನು ಮುಟ್ಟುತ್ತದೆ. ಎರಡರ ರೇಖಾಂಶಗಳೂ ಹೆಚ್ಚುಕಡಿಮೆ 77.5 ಡಿಗ್ರಿ, ಎರಡು ಊರುಗಳ ನಡುಮಧ್ಯಾಹ್ನಗಳ ನಡುವೆ ಅರ್ಧ ನಿಮಿಷದ ಅಂತರವೂ ಇಲ್ಲ. ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳಿರುವ ಈ ಕಣಿವೆಗೆ ಬೆಂಗಳೂರು ಹೀಗೆ ಸೂರ್ಯನ ಲೆಕ್ಕದಲ್ಲಿಯೂ ನಂಟಿನ ಊರು.

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಅಂದು ಬೆಂಗಳೂರು ನಮ್ಮ ಸಯೀನ್, ತೇನಿ ನಮ್ಮ ಅಲೆಕ್ಸಾಂಡ್ರಿಯಾ. ಗಡಿಯಾರ ಹನ್ನೆರಡು ತೋರಿಸಿದೊಡನೆ ಅಳೆಯಕೂಡದು. ನಮ್ಮ ಗಡಿಯಾರಗಳು ಪೂರ್ವದ 82.5 ಡಿಗ್ರಿ ರೇಖೆಯನ್ನು ಅನುಸರಿಸುವುದರಿಂದ ಇಲ್ಲಿ ಸೂರ್ಯನ ಮಧ್ಯಾಹ್ನ ಅಂದು ಸುಮಾರು 12 ಗಂಟೆ 18 ನಿಮಿಷಕ್ಕೆ ಆಗುತ್ತದೆ. ಹನ್ನೆರಡರಿಂದಲೇ ಎರಡು ನಿಮಿಷಗಳಿಗೊಮ್ಮೆ ನೆರಳಿನ ತುದಿಯನ್ನು ಗುರುತಿಸುತ್ತ ಹೋಗಿ, ಅತಿ ಗಿಡ್ಡ ನೆರಳನ್ನು ಆರಿಸಿಕೊಳ್ಳಬೇಕು. ತೇನಿಯಲ್ಲಿ ಆ ನೆರಳು ದಕ್ಷಿಣಕ್ಕೆ, ಸುಮಾರು 5.2 ಸೆಂಟಿಮೀಟರ್ ಉದ್ದವಾಗಿ ಬೀಳುತ್ತದೆ. ಒಂದು ಮೀಟರಿಗೆ 5.2 ಸೆಂಟಿಮೀಟರ್ ಎಂದರೆ 2.98 ಡಿಗ್ರಿ, ಪೂರ್ಣ ವೃತ್ತದಲ್ಲಿ ಅಂತಹವು ಸುಮಾರು 121. ಎರಡು ಊರುಗಳ ನೇರ ದೂರ ಸುಮಾರು 330 ಕಿಲೋಮೀಟರ್. ಗುಣಿಸಿದರೆ 39,900 ಕಿಲೋಮೀಟರಿನಷ್ಟು ಬರುತ್ತದೆ.

ಇಷ್ಟು ಹತ್ತಿರದ ಉತ್ತರ ಬರಬೇಕಾದರೆ ಕೋಲು ಲಂಬವಾಗಿರಬೇಕು. ಅದು ಒಂದು ಡಿಗ್ರಿ ವಾಲಿದರೂ ನೆರಳು 1.7 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಇದು ಅಳೆಯಬೇಕಾದ ನೆರಳಿನ ಮೂರನೆಯ ಒಂದು ಭಾಗ. ಗಾರೆ ಕೆಲಸದವರು ಗೋಡೆಯ ನೇರವನ್ನು ನೋಡಲು ಇಳಿಬಿಡುವ ತೂಗುಗುಂಡು ಇಲ್ಲಿ ಅನಿವಾರ್ಯ. ಮತ್ತೊಂದು ಎಚ್ಚರಿಕೆಯೂ ಅಗತ್ಯ. ತೇನಿಯ ನೆತ್ತಿಯನ್ನು ಸೂರ್ಯನು ಏಪ್ರಿಲ್ 16ರ ಸುಮಾರಿಗೇ ದಾಟಿರುತ್ತಾನೆ. ಆ ದಿನಕ್ಕೂ 24ಕ್ಕೂ ನಡುವೆ ಅಳೆದರೆ ತೇನಿಯ ನೆರಳು ದಕ್ಷಿಣಕ್ಕೆ, ಬೆಂಗಳೂರಿನ ನೆರಳು ಉತ್ತರಕ್ಕೆ ಬೀಳುತ್ತವೆ. ಆಗ ಎರಡು ಕೋನಗಳನ್ನು ಕೂಡಿಸಬೇಕು. ಎರಡು ನೆರಳುಗಳೂ ಒಂದೇ ದಿಕ್ಕಿಗೆ ಬೀಳುವ ದಿನಗಳಲ್ಲಿ ಕಳೆಯಬೇಕು.

ಆದರೆ 330 ಕಿಲೋಮೀಟರ್ ಎಂಬ ಅಂಕಿ ನಮಗೆ ಎಲ್ಲಿಂದ ಬಂತು? ರಸ್ತೆಯ ದೂರವಂತೂ ಅದಲ್ಲ. ಅದು 400ನ್ನು ಮೀರುತ್ತದೆ, ಅದನ್ನು ಗುಣಿಸಿದರೆ ಸುತ್ತಳತೆ 48,000ವನ್ನು ದಾಟುತ್ತದೆ. ನೇರ ದೂರವನ್ನು ನಾವು ಭೂಪಟದಿಂದ ತೆಗೆದುಕೊಂಡೆವು. ಭೂಪಟವನ್ನು ರಚಿಸಿದವರಿಗೆ ಭೂಮಿಯ ಗಾತ್ರ ಮೊದಲೇ ತಿಳಿದಿತ್ತು. ಎಂದರೆ ನಾವು ಕಂಡುಹಿಡಿಯಬೇಕಾದ ಉತ್ತರದ ಒಂದಂಶವನ್ನು ಮೊದಲೇ ಸಾಲ ಪಡೆದಿದ್ದೇವೆ. ಮಕ್ಕಳು ಈ ಪ್ರಯೋಗವನ್ನು ಮಾಡುವಾಗ ಈ ಸಾಲವನ್ನು ಅವರಿಗೆ ಮರೆಮಾಚದೆ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆ ಸಾಲವನ್ನು ತೀರಿಸುವ ಕೆಲಸ ನಡೆದದ್ದು ಇದೇ ದಕ್ಷಿಣದ ನೆಲದಲ್ಲಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆಯಿಸಿದರು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣಮಾಪಕದ ಅಂಕಿಯನ್ನು ಬರೆದುಕೊಳ್ಳುತ್ತ ಅಳೆಯಲಾಯಿತು. ಅಲ್ಲಿಂದ ಬೆಟ್ಟದ ತುದಿ, ಗೋಪುರಗಳ ನಡುವೆ ತ್ರಿಕೋನಗಳನ್ನು ಹೆಣೆಯುತ್ತ ಕನ್ಯಾಕುಮಾರಿಯವರೆಗೆ ಸಾಗಿದರು. ಅವರು ಅನುಸರಿಸಿದ ರೇಖೆ 78ನೆಯ ರೇಖಾಂಶಕ್ಕೆ ಸಮೀಪದ್ದು. ದಿಂಡಿಗಲ್ ಇರುವುದೂ ಆ ರೇಖಾಂಶದ ಬಳಿಯಲ್ಲಿಯೇ. ಕೋಲಿನ ನೆರಳಿಗೆ ಬದಲಾಗಿ ನಕ್ಷತ್ರಗಳು ನೆತ್ತಿಯಿಂದ ಎಷ್ಟು ವಾಲಿವೆಯೆಂದು ದೂರದರ್ಶಕದಿಂದ ನೋಡಿದರು. ಚುಕ್ಕಿಯಂತಹ ನಕ್ಷತ್ರಕ್ಕೆ ಸೂರ್ಯಬಿಂಬದ ಮಸುಕಾದ ಅಂಚಿಲ್ಲ. ಒಂದು ಡಿಗ್ರಿಗೆ ನೆಲದ ಮೇಲೆ ಎಷ್ಟು ದೂರವೆಂಬುದು ಹೀಗೆ ಸರಪಳಿಯ ಆಧಾರದಿಂದಲೇ ಸಿದ್ಧವಾಯಿತು.

ಎರಟೋಸ್ತನೀಸನ ತ್ರೈರಾಶಿಕಕ್ಕೂ ಲ್ಯಾಂಬ್ಟನ್ನರ ತ್ರೈರಾಶಿಕಕ್ಕೂ ವ್ಯತ್ಯಾಸವಿಲ್ಲ. ಎರಡು ಸಾವಿರ ವರ್ಷಗಳಲ್ಲಿ ಬದಲಾದದ್ದು ಕೋನವನ್ನು ನೋಡುವ ಸಾಧನ ಮತ್ತು ನೆಲವನ್ನು ಅಳೆಯುವ ಎಚ್ಚರಿಕೆ. ತೇನಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ದಕ್ಷಿಣಕ್ಕೆ ಬೀಳುವ ಐದು ಸೆಂಟಿಮೀಟರಿನ ನೆರಳಿನಲ್ಲಿ ಮೊದಲನೆಯದನ್ನು ಯಾವ ವಿದ್ಯಾರ್ಥಿಯಾದರೂ ಕಾಣಬಹುದು. ಎರಡನೆಯದಕ್ಕೆ ಬೆಂಗಳೂರಿನವರೆಗಿನ ನೆಲವನ್ನೆಲ್ಲ ಅಳೆಯಬೇಕು.