ನಾಲ್ಕು ಸಾಲೋ ಐದು ಸಾಲೋ: ಹಳೆಯ ವಿಡಿಯೊ ಗೇಮ್ ಚಿತ್ರಗಳನ್ನು ಹಿಗ್ಗಿಸಿದ ಚರಿತ್ರೆ

ನಿಂಟೆಂಡೊ 1990ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದ ಸೂಪರ್ ಫ್ಯಾಮಿಕಾಮ್‌ನ ಬಹುಪಾಲು ಆಟಗಳ ಚಿತ್ರ 256 ಪಿಕ್ಸೆಲ್ ಅಗಲ, 224 ಸಾಲು ಎತ್ತರ. ಅವನ್ನು 1080 ಸಾಲುಗಳ ಇಂದಿನ ಪರದೆಯ ತುಂಬ ಹಿಗ್ಗಿಸಿ, ಇಟ್ಟಿಗೆ ಗೋಡೆಯಿರುವ ಒಂದು ದೃಶ್ಯವನ್ನು ನೋಡಿ. ಇಟ್ಟಿಗೆಗಳ ನಡುವಿನ ಗೆರೆಗಳೆಲ್ಲ ಮೂಲದಲ್ಲಿ ಒಂದೇ ದಪ್ಪದವು. ಪರದೆಯ ಮೇಲೆ ಕೆಲವು ತೆಳುವಾಗಿ, ಕೆಲವು ದಪ್ಪವಾಗಿ ಕಾಣುತ್ತವೆ. ಇದನ್ನು ಹಳೆಯ ಚಿತ್ರದ ಒರಟುತನವೆಂದು ಭಾವಿಸುವವರಿದ್ದಾರೆ. ನನ್ನ ಪ್ರಕಾರ ದೋಷ ಚಿತ್ರದ್ದಲ್ಲ, ಭಾಗಾಕಾರದ್ದು.

1080ನ್ನು 224ರಿಂದ ಭಾಗಿಸಿದರೆ ಸುಮಾರು 4.82 ಬರುತ್ತದೆ. ಪರದೆಯ ಸಾಲನ್ನು ತುಂಡು ಮಾಡಲಾಗದು. ಹಾಗಾಗಿ ಪ್ರತಿ ಬಿಂದುವಿಗೂ ಮೂಲದ ಅತಿ ಸಮೀಪದ ಪಿಕ್ಸೆಲ್ಲಿನ ಬಣ್ಣವನ್ನೇ ಕೊಡುವ ವಿಧಾನದಲ್ಲಿ 184 ಸಾಲುಗಳು ಐದು ಪಟ್ಟಾಗುತ್ತವೆ, ಉಳಿದ 40 ನಾಲ್ಕೇ ಪಟ್ಟಾಗುತ್ತವೆ. ಐದಾರು ಸಾಲಿಗೊಮ್ಮೆ ಒಂದು ತೆಳು ಸಾಲು ಬೀಳುತ್ತದೆ. ಈ ತೆಳು ಸಾಲುಗಳ ಜಾಗ ಚಿತ್ರದಲ್ಲಿಲ್ಲ, ಪರದೆಯಲ್ಲಿ ಅಚ್ಚೊತ್ತಿದಂತೆ ನಿಂತಿರುತ್ತದೆ. ಆಟದ ದೃಶ್ಯ ಮೇಲೆ ಕೆಳಗೆ ಸರಿಯುವಾಗ ಪಾತ್ರದ ಕಣ್ಣು ಒಮ್ಮೆ ಆ ಜಾಗಕ್ಕೆ ಬಂದು ಕುಗ್ಗುತ್ತದೆ, ದಾಟಿ ಹಿಗ್ಗುತ್ತದೆ. ಸ್ಥಿರಚಿತ್ರದಲ್ಲಿ ಗಮನಕ್ಕೆ ಬಾರದ ಏರುಪೇರು ಚಲನೆಯಲ್ಲಿ ಅಲೆಯಂತೆ ಮಿನುಗುವುದು ಇದರಿಂದ.

ಆಟಗಳು ಹುಟ್ಟಿದ ಕಾಲದ ಪಿಕ್ಚರ್ ಟ್ಯೂಬ್ ಟೀವಿಯಲ್ಲಿ ಈ ಲೆಕ್ಕವೇ ಏಳುತ್ತಿರಲಿಲ್ಲ. ಜಪಾನ್ ಮತ್ತು ಅಮೆರಿಕದ ಟೀವಿ ಪದ್ಧತಿಯಲ್ಲಿ ಚಿತ್ರದ ಸುಮಾರು 480 ಸಾಲುಗಳನ್ನು ಎರಡು ಕಂತುಗಳಲ್ಲಿ, ಒಂದರ ಸಂದಿಯಲ್ಲಿ ಇನ್ನೊಂದು ಕೂರುವಂತೆ ಬರೆಯುತ್ತಿದ್ದರು. ಗೇಮ್ ಯಂತ್ರಗಳು ಎರಡೂ ಕಂತನ್ನು ಒಂದೇ ಜಾಗದಲ್ಲಿ ಬರೆಸಿದವು. ಆಟದ ಒಂದು ಸಾಲಿಗೆ ಎಲೆಕ್ಟ್ರಾನ್ ಕಿರಣದ ಒಂದು ಗೆರೆ, ನಡುವೆ ಕಪ್ಪು ಸಂದಿ. ಕಿರಣ ಎಳೆದ ಗೆರೆಯ ಅಂಚು ತಾನಾಗಿಯೇ ಮೃದು. ಚಿತ್ರಕಾರರು ಬಣ್ಣದ ಚುಕ್ಕೆ ಇಟ್ಟದ್ದು ಆ ಮೃದುತ್ವವನ್ನು ಕಣ್ಣಾರೆ ನೋಡಿಕೊಂಡು.

ಹಿಗ್ಗಿಸುವ ಸಮಸ್ಯೆ ಕಂಪ್ಯೂಟರಿನಲ್ಲಿ ಮೊದಲೇ ಎದುರಾಗಿತ್ತು. 1992ರ ಸುಮಾರಿಗೆ ಲ್ಯೂಕಸ್‌ಆರ್ಟ್ಸ್‌ನ ಎರಿಕ್ ಜಾನ್‌ಸ್ಟನ್, 320×200ರ ಪಿಸಿ ಆಟಗಳನ್ನು ಅಗಲದಲ್ಲೂ ಎತ್ತರದಲ್ಲೂ ಸುಮಾರು ಇಮ್ಮಡಿ ಪಿಕ್ಸೆಲ್‌ಗಳಿದ್ದ ಮ್ಯಾಕಿಂಟಾಶ್‌ಗೆ ಒಗ್ಗಿಸುವಾಗ ಒಂದು ನಿಯಮ ಕಟ್ಟಿದರು. ಪ್ರತಿ ಪಿಕ್ಸೆಲ್ಲನ್ನು ನಾಲ್ಕು ಪಾಲು ಮಾಡಿ, ಮೇಲಿನ ನೆರೆಯೂ ಎಡದ ನೆರೆಯೂ ಒಂದೇ ಬಣ್ಣದ್ದಾಗಿದ್ದರೆ ಆ ಮೂಲೆಯ ಪಾಲಿಗೆ ಅದೇ ಬಣ್ಣ ಕೊಡುವುದು. ಉಳಿದ ಮೂಲೆಗಳಿಗೂ ಹೀಗೆಯೇ. ಓರೆ ಗೆರೆಗಳ ಮೆಟ್ಟಿಲು ಇದರಿಂದ ನಯವಾಗುತ್ತದೆ. 2001ರಲ್ಲಿ ಆಂಡ್ರಿಯಾ ಮಝೊಲೆನಿ ಪ್ರಕಟಿಸಿದ ಸ್ಕೇಲ್2ಎಕ್ಸ್ ಕೊಡುವ ಫಲವೂ ಇದೇ. ಆದರೆ ನಿಯಮಕ್ಕೆ ಚಿತ್ರದ ಅರ್ಥ ತಿಳಿಯದು. ಚೌಕಾಕಾರದ ಮಾತಿನ ಪೆಟ್ಟಿಗೆಯ ಮೂಲೆಯಲ್ಲೂ ಹೊರಗಿನ ಎರಡು ನೆರೆಗಳು ಒಂದೇ ಬಣ್ಣದವು. ಹಾಗಾಗಿ ಆ ಮೂಲೆ ಕಚ್ಚಿಹೋಗುತ್ತದೆ.

ಇನ್ನೊಂದು ದಾರಿ ಬೈಲೀನಿಯರ್ ಫಿಲ್ಟರ್, ಅಂದರೆ ನೆರೆಯ ಪಿಕ್ಸೆಲ್‌ಗಳ ಬಣ್ಣವನ್ನು ದೂರಕ್ಕೆ ತಕ್ಕಂತೆ ಬೆರೆಸುವುದು. ತೆಳು-ದಪ್ಪದ ಭೇದ ಅಳಿಯುತ್ತದೆ, ನಿಜ. ಆದರೆ ಮೇಲಿನ ಉದಾಹರಣೆಯಲ್ಲಿ ಎರಡು ಬಣ್ಣಗಳ ಗಡಿ ಪರದೆಯ ಸುಮಾರು ಐದು ಸಾಲುಗಳಷ್ಟು ಹರಡುತ್ತದೆ. ಒಂದು ಪಿಕ್ಸೆಲ್ಲಿನ ಹೊಳಪಿನಿಂದ ಕಣ್ಣಿಗೆ ಜೀವ ಕೊಟ್ಟ ಚಿತ್ರಕಾರನ ಕೆಲಸ ಅಲ್ಲಿಗೆ ಮುಗಿಯಿತು. ಈ ಮಸುಕನ್ನು ಟ್ಯೂಬ್ ಟೀವಿಯ ಮೃದುತ್ವಕ್ಕೆ ಸಮವೆನ್ನುವ ವಾದವನ್ನು ನಾನು ಒಪ್ಪಲಾರೆ. ಟೀವಿಯಲ್ಲಿ ಸಾಲುಗಳ ನಡುವೆ ಕತ್ತಲಿತ್ತು, ಇಲ್ಲಿ ಬರೀ ಕಲಸುವಿಕೆ.

ಪೂರ್ಣಾಂಕ ಸ್ಕೇಲಿಂಗ್ ಇದಕ್ಕೆ ಉತ್ತರವಾಗಿ ಬಂದದ್ದು. 224ನ್ನು ಸರಿಯಾಗಿ ನಾಲ್ಕು ಪಟ್ಟು ಮಾಡಿ 896ಕ್ಕೆ ನಿಲ್ಲಿಸಿದರೆ, ಮೇಲೂ ಕೆಳಗೂ 92 ಸಾಲು ಕಪ್ಪಾಗಿ ಉಳಿಯುತ್ತವೆ. ಗೆರೆಗಳೆಲ್ಲ ಒಂದೇ ದಪ್ಪ. ಎಮ್ಯುಲೇಟರ್‌ಗಳಲ್ಲಿ ಮೊದಲಿನಿಂದಲೇ ಇದ್ದ ಈ ಸೌಲಭ್ಯವನ್ನು ಎನ್‌ವಿಡಿಯಾ ತನ್ನ ಟ್ಯೂರಿಂಗ್ ಚಿಪ್‌ಗಳ ಡ್ರೈವರಿಗೆ ಸೇರಿಸಿದ್ದು 2019ರ ಆಗಸ್ಟ್‌ನಲ್ಲಿ.

ಇದಕ್ಕೂ ಒಂದು ಮಿತಿಯಿದೆ. ಟೀವಿಯಲ್ಲಿ ಈ ಪಿಕ್ಸೆಲ್ ಚೌಕವಾಗಿರಲಿಲ್ಲ, 8:7 ಅನುಪಾತದಲ್ಲಿ ಅಗಲವಾಗಿತ್ತು. 896 ಸಾಲಿಗೆ ಸರಿಹೊಂದುವ ಅಗಲ ಸುಮಾರು 1170. ನಾಲ್ಕು ಪಟ್ಟಿಗೆ ದಕ್ಕುವುದು 1024. ಟೀವಿಯಲ್ಲಿ ದುಂಡಗಿದ್ದ ಚಂದ್ರ ಮೊಟ್ಟೆಯಂತೆ ಉದ್ದವಾಗುತ್ತಾನೆ. ಪಿಸಿಯ 320×200 ಚಿತ್ರಕ್ಕೆ ಮಾತ್ರ ಒಂದು ಸುಂದರ ಹೊಂದಿಕೆಯಿದೆ: ಅಗಲ ಐದು ಪಟ್ಟು, ಎತ್ತರ ಆರು ಪಟ್ಟು ಮಾಡಿದರೆ 1600×1200, ಅಂದರೆ ಹಳೆಯ ಮಾನಿಟರಿನ 4:3 ಆಕಾರ ಒಂದು ಕೂದಲೂ ಕೊಂಕದೆ ಸಿಗುತ್ತದೆ.

ಸೂಪರ್ ಫ್ಯಾಮಿಕಾಮ್‌ಗೆ ಆ ಅದೃಷ್ಟವಿಲ್ಲ. ಅಲ್ಲಿ ಎರಡನ್ನೂ ಕೂಡಿಸುವುದು ಲೇಸು: ಮೊದಲು ಬೆರಕೆಯಿಲ್ಲದೆ ಐದು ಪಟ್ಟು, 1120 ಸಾಲು, ಆಮೇಲೆ ಬೈಲೀನಿಯರ್‌ನಿಂದ 1080ಕ್ಕೆ ಕುಗ್ಗಿಸುವುದು. ಅಗಲಕ್ಕೂ ಇದೇ ಕ್ರಮ. ಬೆರಕೆ ಈಗ ಗಡಿಯ ಒಂದೇ ಸಾಲಿಗೆ ಸೀಮಿತ, ಪಿಕ್ಸೆಲ್ಲಿನ ಒಡಲು ಸ್ವಚ್ಛ. 2160 ಸಾಲುಗಳ ಪರದೆಯಲ್ಲಾದರೆ ಬೆರಕೆಯಿಲ್ಲದೆ ತುಂಬಿಸಿದರೂ ಸಾಲುಗಳು ಒಂಬತ್ತೋ ಹತ್ತೋ ಪಟ್ಟಾಗುತ್ತವೆ; ನಾಲ್ಕಕ್ಕೂ ಐದಕ್ಕೂ ಇದ್ದ ಅಂತರ ಅಲ್ಲಿ ಅರ್ಧಕ್ಕಿಳಿದಿರುತ್ತದೆ.