ಲಿನಕ್ಸ್‌ನಲ್ಲಿ ಪ್ರೊಸೆಸರ್‌ನ ಪಾಲು: ನೈಸ್ ಮೌಲ್ಯ ಅನುಪಾತವಾದ ಬಗೆ

ಒಂದೇ ಪ್ರೊಸೆಸರ್‌ಗಾಗಿ ಹಲವು ಪ್ರೋಗ್ರಾಮುಗಳು ಕಾದಿರುವಾಗ ಯಾವುದನ್ನು ಯಾವಾಗ ಓಡಿಸಬೇಕು ಎಂದು ನಿರ್ಧರಿಸುವ ಕರ್ನಲ್‌ನ ಭಾಗಕ್ಕೆ ಶೆಡ್ಯೂಲರ್ ಎಂದು ಹೆಸರು. ಯುನಿಕ್ಸ್ ಪರಂಪರೆಯಿಂದ ಬಂದ ನೈಸ್ ಮೌಲ್ಯವು ಈ ನಿರ್ಧಾರದ ಮೇಲೆ ಬಳಕೆದಾರರಿಗೆ ಇರುವ ಹಿಡಿತವಾಗಿದ್ದು, ಲಿನಕ್ಸ್‌ನಲ್ಲಿ ಅದು -20ರಿಂದ 19ರವರೆಗೆ ಇರುತ್ತದೆ. ಸಂಖ್ಯೆ ಹೆಚ್ಚಿದಂತೆ ಆ ಪ್ರೋಗ್ರಾಮು ಇತರ ಪ್ರೋಗ್ರಾಮುಗಳಿಗೆ ಹೆಚ್ಚು ದಾರಿ ಬಿಟ್ಟುಕೊಡುತ್ತದೆ. ಆದರೆ ನೈಸ್ ಮೌಲ್ಯವನ್ನು ಒಂದು ಹೆಚ್ಚಿಸಿದರೆ ಪಾಲು ನಿಖರವಾಗಿ ಎಷ್ಟು ಇಳಿಯಬೇಕು ಎಂಬ ಪ್ರಶ್ನೆಗೆ ಲಿನಕ್ಸ್ ಸುಸಂಗತವಾದ ಉತ್ತರ ಕೊಟ್ಟಿದ್ದು 2007ರಲ್ಲಿ.

ಅದಕ್ಕೂ ಮೊದಲು, 2.6 ಸರಣಿಯ ಆರಂಭದಿಂದ ಬಳಕೆಯಲ್ಲಿದ್ದ, ಇಂಗೊ ಮೊಲ್ನಾರ್ ರಚಿಸಿದ ಶೆಡ್ಯೂಲರ್ ಪ್ರತಿ ಪ್ರೋಗ್ರಾಮಿಗೂ ಅದರ ನೈಸ್ ಮೌಲ್ಯಕ್ಕೆ ತಕ್ಕ ಕಾಲಾವಧಿಯನ್ನು, ಅಂದರೆ ಒಂದು ಸರದಿಯಲ್ಲಿ ಓಡಬಹುದಾದ ಸಮಯವನ್ನು, ನೇರವಾಗಿ ಗೊತ್ತುಪಡಿಸುತ್ತಿತ್ತು. ಆ ಲೆಕ್ಕದಲ್ಲಿ ನೈಸ್ 0ಕ್ಕೆ 100 ಮಿಲಿಸೆಕೆಂಡು ಸಿಗುತ್ತಿತ್ತು; ಅಲ್ಲಿಂದ ಮುಂದೆ ಪ್ರತಿ ಹಂತಕ್ಕೂ 5 ಮಿಲಿಸೆಕೆಂಡು ಕಳೆಯುತ್ತ ಹೋಗಿ, ನೈಸ್ 18ಕ್ಕೆ 10 ಮತ್ತು ನೈಸ್ 19ಕ್ಕೆ 5 ಮಿಲಿಸೆಕೆಂಡು ಉಳಿಯುತ್ತಿತ್ತು. ಮೇಲ್ನೋಟಕ್ಕೆ ಸಮನಾಗಿ ಕಾಣುವ ಈ ಇಳಿತ ಫಲಿತಾಂಶದಲ್ಲಿ ಸಮನಾಗಿರಲಿಲ್ಲ. 0 ಮತ್ತು 1ರ ನಡುವಿನ ಸ್ಪರ್ಧೆಯಲ್ಲಿ ಪಾಲು 100ಕ್ಕೆ 95ರಂತೆ ಹಂಚಿಕೆಯಾಗಿ ವ್ಯತ್ಯಾಸ ಗಮನಕ್ಕೇ ಬಾರದಿದ್ದರೆ, 18 ಮತ್ತು 19ರ ನಡುವೆ ಅದೇ ಒಂದು ಹಂತ ಒಂದಕ್ಕೆ ಇನ್ನೊಂದರ ಎರಡರಷ್ಟು ಪಾಲು ಕೊಡುತ್ತಿತ್ತು. ಸೊನ್ನೆಯಿಂದ ಕೆಳಗಂತೂ ಸೂತ್ರವೇ ಬದಲಾಗಿ, ನೈಸ್ -1ಕ್ಕೆ ಒಮ್ಮೆಲೇ 420 ಮಿಲಿಸೆಕೆಂಡು ದೊರೆಯುತ್ತಿತ್ತು. ಇದನ್ನು ಸಣ್ಣ ಲೋಪವೆಂದು ಬಿಡುವಂತಿಲ್ಲ. `nice` ಆದೇಶ ಕೇಳುವುದು ಸದ್ಯದ ಮಟ್ಟಕ್ಕೆ ಎಷ್ಟು ಕೂಡಿಸಬೇಕು ಎಂಬುದನ್ನು. ಅದರ ಪರಿಣಾಮ ಮಾತ್ರ ಕೂಡಿಕೆ ಎಲ್ಲಿಂದ ಆರಂಭವಾಯಿತು ಎಂಬುದನ್ನು ಅವಲಂಬಿಸಿತ್ತು.

ಪಾಲನ್ನು ಅನುಪಾತದಲ್ಲಿ ಹಂಚುವ ಚಿಂತನೆ ಲಿನಕ್ಸ್‌ಗಿಂತ ಹಳೆಯದು. 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಜಾಲಗಳ ದತ್ತಾಂಶ ಸರದಿಗಾಗಿ ನ್ಯಾಯಸಮ್ಮತ ಹಂಚಿಕೆಯ ವಿಧಾನವನ್ನು ಮಂಡಿಸಿದ್ದರು. ಪ್ರೊಸೆಸರ್‌ಗೆ ಸಂಬಂಧಿಸಿ ವಾಲ್ಡ್‌ಸ್ಪರ್ಗರ್ ಮತ್ತು ವೈಲ್ 1994ರಲ್ಲಿ ಲಾಟರಿ ಶೆಡ್ಯೂಲಿಂಗ್ ವಿಧಾನವನ್ನು ಪ್ರಕಟಿಸಿದ್ದರು. ಲಿನಕ್ಸ್‌ನಲ್ಲಿ ಇಂಥ ಹಂಚಿಕೆ ಸಾಧ್ಯವೆಂದು ಕೆಲಸ ಮಾಡುವ ಕೋಡ್‌ನ ಮೂಲಕ ತೋರಿಸಿದ್ದು, 2007ರ ಆರಂಭದಲ್ಲಿ ಹೊಸ ಶೆಡ್ಯೂಲರ್ ಒಂದನ್ನು ಮುಂದಿಟ್ಟ ಆಸ್ಟ್ರೇಲಿಯಾದ ವೈದ್ಯ ಕಾನ್ ಕೊಲಿವಾಸ್. ಅದೇ ವರ್ಷದ ಏಪ್ರಿಲ್‌ನಲ್ಲಿ ಮೊಲ್ನಾರ್ ತಮ್ಮ ಹಳೆಯ ಶೆಡ್ಯೂಲರ್ ಅನ್ನು ತಾವೇ ಬದಿಗಿಟ್ಟು ಸಿಎಫ್ಎಸ್ ಎಂಬ ಹೊಸದನ್ನು ಪ್ರಕಟಿಸಿದರು. ಅಕ್ಟೋಬರ್‌ನಲ್ಲಿ ಅದು ಲಿನಕ್ಸ್ 2.6.23ರ ಭಾಗವಾಗಿ ಹೊರಬಂತು. ಕೊಲಿವಾಸ್ ಅವರ ಕೋಡ್ ಕರ್ನಲ್ ಸೇರಲಿಲ್ಲವಾದರೂ, ಅವರ ಪ್ರಯೋಗವಿಲ್ಲದೆ ಸಿಎಫ್ಎಸ್ ಅಷ್ಟು ಬೇಗ ಹುಟ್ಟುತ್ತಿತ್ತೆಂದು ಹೇಳುವುದು ಕಷ್ಟ.

ಸಿಎಫ್ಎಸ್‌ನ ತಿರುಳು ವರ್ಚುವಲ್ ರನ್‌ಟೈಮ್ ಎಂಬ ಒಂದೇ ಎಣಿಕೆಯಲ್ಲಿದೆ. ಪ್ರತಿ ಪ್ರೋಗ್ರಾಮು ಪ್ರೊಸೆಸರ್ ಮೇಲೆ ಓಡಿದ ನಿಜವಾದ ಸಮಯವನ್ನು ಅದರ ತೂಕಕ್ಕೆ ತಕ್ಕಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ ಈ ಎಣಿಕೆಗೆ ಸೇರಿಸಲಾಗುತ್ತದೆ:

```
vruntime += delta_exec * 1024 / weight
```

ಇಲ್ಲಿ `delta_exec` ಎಂಬುದು ಓಡಿದ ಸಮಯ, `weight` ಎಂಬುದು ನೈಸ್ ಮೌಲ್ಯಕ್ಕೆ ಕರ್ನಲ್‌ನ ಕೋಷ್ಟಕ ನೀಡುವ ತೂಕ, 1024 ಎಂಬುದು ನೈಸ್ 0ರ ತೂಕ. ಓಡಲು ಸಿದ್ಧವಿರುವ ಪ್ರೋಗ್ರಾಮುಗಳನ್ನು ಈ ಎಣಿಕೆಯ ಏರಿಕೆಯ ಕ್ರಮದಲ್ಲಿ ಕೆಂಪು-ಕಪ್ಪು ವೃಕ್ಷವೆಂಬ, ತನ್ನನ್ನು ತಾನೇ ಸಮತೋಲನದಲ್ಲಿಟ್ಟುಕೊಳ್ಳುವ ರಚನೆಯಲ್ಲಿ ಜೋಡಿಸಲಾಗುತ್ತದೆ. ಎಡತುದಿಯಲ್ಲಿರುವುದು, ಅಂದರೆ ಅತಿ ಕಡಿಮೆ ಎಣಿಕೆಯುಳ್ಳದ್ದು, ಮುಂದಿನ ಸರದಿ ಪಡೆಯುತ್ತದೆ. ತೂಕ ಕಡಿಮೆಯಿದ್ದಷ್ಟೂ ಎಣಿಕೆ ಬೇಗ ಏರುವುದರಿಂದ ಅಂಥ ಪ್ರೋಗ್ರಾಮು ಬೇಗನೆ ವೃಕ್ಷದ ಬಲಕ್ಕೆ ಸರಿದು ಉಳಿದವಕ್ಕೆ ಜಾಗ ಬಿಡುತ್ತದೆ. ದೀರ್ಘಕಾಲ ನಿದ್ರಿಸಿ ಎದ್ದ ಪ್ರೋಗ್ರಾಮಿನ ಎಣಿಕೆ ಬಹಳ ಹಿಂದೆ ಉಳಿದಿರುವುದರಿಂದ ಅದು ಪ್ರೊಸೆಸರ್ ಅನ್ನು ಪೂರ್ತಿ ಕಬಳಿಸದಂತೆ, ಆ ಸರದಿಯ ಕನಿಷ್ಠ ಎಣಿಕೆಗಿಂತ ಸ್ವಲ್ಪವೇ ಹಿಂದಿನ ಸ್ಥಾನಕ್ಕೆ ಅದನ್ನು ತಂದು ನಿಲ್ಲಿಸುವ ವ್ಯವಸ್ಥೆಯೂ ಇದೆ.

ಕೋಷ್ಟಕದ ತೂಕಗಳು ಪ್ರತಿ ಹಂತಕ್ಕೂ ಸುಮಾರು 1.25 ಪಟ್ಟಿನಂತೆ ಬದಲಾಗುತ್ತವೆ: ನೈಸ್ 0ಕ್ಕೆ 1024, 1ಕ್ಕೆ 820, 5ಕ್ಕೆ 335, 19ಕ್ಕೆ ಕೇವಲ 15, ಇನ್ನೊಂದು ತುದಿಯಲ್ಲಿ -20ಕ್ಕೆ 88761. ಕೂಡಿಸಿ ಕಳೆಯುವ ಹಳೆಯ ಲೆಕ್ಕದ ಜಾಗದಲ್ಲಿ ಗುಣಿಸುವ ಲೆಕ್ಕ ಬಂದದ್ದರಿಂದ, ಇಬ್ಬರು ಸ್ಪರ್ಧಿಗಳ ನಡುವಿನ ಒಂದು ಹಂತದ ಅಂತರ 0 ಮತ್ತು 1ರಲ್ಲಾಗಲಿ, 18 ಮತ್ತು 19ರಲ್ಲಾಗಲಿ ಸುಮಾರು ಶೇ. 55ಕ್ಕೆ ಶೇ. 45ರ ಹಂಚಿಕೆಯನ್ನೇ ಕೊಡುತ್ತದೆ. ಸಿಎಫ್ಎಸ್ ಎಂದರೆ ವೃಕ್ಷ ಎಂಬ ಗ್ರಹಿಕೆ ಪಠ್ಯಗಳಲ್ಲಿ ಸಾಮಾನ್ಯವಾದರೂ, ಬಳಕೆದಾರರ ದೃಷ್ಟಿಯಿಂದ ಅದರ ನಿಜವಾದ ಕೊಡುಗೆ ಈ ಕೋಷ್ಟಕವೇ ಆಗಿದೆ.

ಇದನ್ನು ಎರಡು ಖಾಲಿ ಕುಣಿಕೆಗಳಿಂದ ಪರೀಕ್ಷಿಸಬಹುದು:

```
taskset -c 0 nice -n 0 sh -c 'while :; do :; done' &
taskset -c 0 nice -n 5 sh -c 'while :; do :; done' &
```

ಒಟ್ಟು ತೂಕ 1359. ಅದರಲ್ಲಿ 1024ರ ಪಾಲು ಸುಮಾರು ಶೇ. 75, 335ರ ಪಾಲು ಸುಮಾರು ಶೇ. 25. ಆ ಪ್ರೊಸೆಸರ್‌ನಲ್ಲಿ ಬೇರೆ ಭಾರವಿಲ್ಲದಿದ್ದರೆ ಒಂದು ನಿಮಿಷದಲ್ಲಿ ಮೊದಲನೆಯದು 45 ಸೆಕೆಂಡು, ಎರಡನೆಯದು 15 ಸೆಕೆಂಡು ಓಡುತ್ತದೆ. ಎರಡನೆಯದರ ಪ್ರತಿ ಮಿಲಿಸೆಕೆಂಡು ಓಟಕ್ಕೆ ಅದರ ಎಣಿಕೆ ಸುಮಾರು 3.06 ಮಿಲಿಸೆಕೆಂಡು ಏರುವುದರಿಂದ, ನಿಮಿಷದ ಕೊನೆಗೆ ಎರಡರ ಎಣಿಕೆಯೂ ಹೆಚ್ಚುಕಡಿಮೆ ಸಮನಾಗಿ 45 ಸೆಕೆಂಡಿನಷ್ಟು ಮುಂದೆ ಸಾಗಿರುತ್ತದೆ. ನೈಸ್ 0ರ ಇನ್ನೊಂದು ಕುಣಿಕೆಯನ್ನು ಅದೇ ಪ್ರೊಸೆಸರ್‌ಗೆ ಸೇರಿಸಿದರೆ ಒಟ್ಟು ತೂಕ 2383 ಆಗಿ, ನೈಸ್ 5ರ ಪಾಲು ಶೇ. 14ಕ್ಕೆ ಇಳಿಯುತ್ತದೆ. ಅಂದರೆ ನೈಸ್ ಮೌಲ್ಯ ಯಾವ ಶೇಕಡಾವಾರು ಪಾಲಿನ ಭರವಸೆಯನ್ನೂ ಕೊಡುವುದಿಲ್ಲ. ಜೊತೆಗಿರುವವರೊಡನೆ ಇರುವ ಅನುಪಾತವನ್ನಷ್ಟೇ ಅದು ಕಾಯುತ್ತದೆ. `taskset` ಇಲ್ಲದಿದ್ದರೆ ಎರಡು ಕುಣಿಕೆಗಳು ಬೇರೆ ಬೇರೆ ಪ್ರೊಸೆಸರ್‌ಗಳಲ್ಲಿ ಶೇ. 100ರಂತೆ ಓಡಿ, ನೈಸ್ ಕೆಲಸವನ್ನೇ ಮಾಡಲಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ.

ಇದಕ್ಕಿಂತ ಹೆಚ್ಚು ಜನರನ್ನು ಗೊಂದಲಕ್ಕೆ ಕೆಡವಿದ್ದು 2011ರ ಲಿನಕ್ಸ್ 2.6.38ರಲ್ಲಿ ಬಂದ ಆಟೋಗ್ರೂಪ್ ಸೌಲಭ್ಯ. ಅದು ಪ್ರತಿ ಟರ್ಮಿನಲ್ ಅಧಿವೇಶನವನ್ನೂ ಒಂದು ಗುಂಪಾಗಿಸಿ, ಮೊದಲು ಗುಂಪುಗಳ ನಡುವೆ ಸಮನಾಗಿ, ಅನಂತರ ಗುಂಪಿನೊಳಗೆ ನೈಸ್ ಮೌಲ್ಯದಂತೆ ಹಂಚುತ್ತದೆ. ಹೀಗಾಗಿ ಮೇಲಿನ ಎರಡು ಕುಣಿಕೆಗಳನ್ನು ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಆರಂಭಿಸಿದರೆ `top` ತನ್ನ `NI` ಅಂಕಣದಲ್ಲಿ 0 ಮತ್ತು 5 ಎಂದೇ ತೋರಿಸುತ್ತಿದ್ದರೂ ಪಾಲು ಅರ್ಧರ್ಧವಾಗಿಯೇ ಉಳಿಯಬಹುದು. `/proc/sys/kernel/sched_autogroup_enabled` ಕಡತದಲ್ಲಿ 1 ಇದ್ದರೆ ಕಾರಣವನ್ನು ಅಲ್ಲಿಯೇ ಮೊದಲು ಹುಡುಕಬೇಕು.

ಸಿಎಫ್ಎಸ್‌ನೊಳಗೇ ಉಳಿದ ಕೊರತೆ ಬೇರೊಂದಿತ್ತು. ಒಟ್ಟಾರೆ ಸ್ವಲ್ಪವೇ ಸಮಯ ಸಾಕು, ಆದರೆ ಬೇಕಾದಾಗ ತಕ್ಷಣ ಬೇಕು ಎನ್ನುವ ಧ್ವನಿ ಪ್ರೋಗ್ರಾಮಿನಂಥದ್ದಕ್ಕೆ ತನ್ನ ಅಗತ್ಯವನ್ನು ನೈಸ್ ಮೌಲ್ಯದ ಮೂಲಕ ತಿಳಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಆ ಒಂದು ಸಂಖ್ಯೆ ಹೇಳುವುದು ಪಾಲಿನ ಗಾತ್ರವನ್ನು ಮಾತ್ರ. ಸ್ಟೋಯಿಕಾ ಮತ್ತು ಅಬ್ದೆಲ್-ವಹಾಬ್ 1995ರಲ್ಲಿ ವಿವರಿಸಿದ್ದ ಇಇವಿಡಿಎಫ್ ಎಂಬ ವಿಧಾನವನ್ನು ಆಧರಿಸಿ ಪೀಟರ್ ಜಿಲ್ಸ್ಟ್ರಾ 2023ರ ಲಿನಕ್ಸ್ 6.6ಕ್ಕೆ ತಂದ ಬದಲಾವಣೆ ಈ ಎರಡನ್ನು ಬೇರ್ಪಡಿಸುತ್ತದೆ. ತನ್ನ ನ್ಯಾಯವಾದ ಪಾಲಿಗಿಂತ ಹೆಚ್ಚು ಪಡೆಯದಿರುವ ಪ್ರೋಗ್ರಾಮುಗಳು ಮಾತ್ರ ಅಲ್ಲಿ ಅರ್ಹವೆನಿಸುತ್ತವೆ. ಅವುಗಳಲ್ಲಿ ಯಾವುದರ ವರ್ಚುವಲ್ ಗಡುವು ಎಲ್ಲಕ್ಕಿಂತ ಮೊದಲು ಬರುತ್ತದೋ ಅದಕ್ಕೆ ಸರದಿ ದೊರೆಯುತ್ತದೆ. ಚಿಕ್ಕ ಕಾಲಾವಧಿ ಕೇಳುವ ಪ್ರೋಗ್ರಾಮಿನ ಗಡುವು ಹತ್ತಿರವಿರುವುದರಿಂದ ಅದು ಬೇಗ ಓಡುತ್ತದೆ, ಆದರೆ ಒಟ್ಟು ಪಾಲನ್ನು ನಿರ್ಧರಿಸುವುದು ತೂಕವೇ. ಆ ತೂಕಗಳು ಇಂದಿಗೂ ಬರುತ್ತಿರುವುದು 2007ರ ಅದೇ ಕೋಷ್ಟಕದಿಂದ.